ನೀರಿನ ಬಿಲ್ ದುಪ್ಪಟ್ಟಾದಾಗ ಮೊದಲು ನೋಡಬೇಕಾದದ್ದು

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮ ಮನೆ ನೀರಿನ ಬಿಲ್ ಈ ಸಲ ದುಪ್ಪಟ್ಟಿಗಿಂತ ಜಾಸ್ತಿ ಬಂದಿದೆ. ಬಳಕೆ ಮೊದಲಿನಷ್ಟೇ. ತಪ್ಪು ಎಲ್ಲಿದೆ?

ಉತ್ತರ: ಮೊದಲು ಬಿಲ್‌ನಲ್ಲಿ ಹಿಂದಿನ ಮತ್ತು ಈಗಿನ ರೀಡಿಂಗ್ ಯಾವ ತಾರೀಕಿನದು ಅಂತ ನೋಡಿ. ಹೆಚ್ಚಿನ ಸಲ ತಪ್ಪು ಅಲ್ಲೇ ಸಿಗುತ್ತದೆ. ನಮ್ಮ ಮಳೆಗಾಲದಲ್ಲಿ ಮೀಟರ್ ಗಾಜಿಗೆ ಮಂಜು ಕಟ್ಟುತ್ತದೆ, ಕೆಲವೊಮ್ಮೆ ಮೀಟರ್ ಇರುವ ಗುಂಡಿಯೇ ನೀರಲ್ಲಿ ಮುಳುಗಿರುತ್ತದೆ. ಆಗ ಒಂದು ತಿಂಗಳ ರೀಡಿಂಗ್ ತಪ್ಪಿ, ಎರಡು ತಿಂಗಳ ಬಳಕೆ ಒಂದೇ ಬಿಲ್‌ಗೆ ಬೀಳುತ್ತದೆ.

ಇದರಿಂದ ಬಿಲ್‌ನ ಸ್ಲ್ಯಾಬ್ ಲೆಕ್ಕ ಏರುಪೇರಾಗುತ್ತದೆ. ಸ್ಲ್ಯಾಬ್ ಅಂದರೆ ಮೆಟ್ಟಿಲು ದರ. ಮೇಲಿನ ಮೆಟ್ಟಿಲಿನ ನೀರಿಗೆ ಜಾಸ್ತಿ ದರ. ಲೆಕ್ಕಕ್ಕೆ, ಮೊದಲ 8 ಕಿಲೋಲೀಟರ್‌ಗೆ (1 ಕಿಲೋಲೀಟರ್ ಅಂದರೆ 1,000 ಲೀಟರ್) ತಲಾ 7 ರೂಪಾಯಿ, 15ರವರೆಗೆ 9, 25ರವರೆಗೆ 11, ಆಮೇಲೆ 13 ಅಂದುಕೊಳ್ಳಿ. ನಿಮ್ಮ ಬಿಲ್‌ನಲ್ಲಿರುವ ದರ ಹಾಕಿಕೊಂಡರಾಯಿತು. ಎರಡು ತಿಂಗಳ 28 ಕಿಲೋಲೀಟರ್ ಅನ್ನು ಒಂದೇ ತಿಂಗಳದು ಅಂತ ಎಣಿಸಿದರೆ 268 ರೂಪಾಯಿ. ತಿಂಗಳಿಗೆ 14ರಂತೆ ಬಿಡಿಸಿದರೆ 110 ಮತ್ತು 110, ಒಟ್ಟು 220. ಆ 48 ರೂಪಾಯಿ ನೀವು ಕೊಡಬೇಕಾದ್ದಲ್ಲ ಅಲ್ವಾ?

ತಾರೀಕು ಸರಿಯಿದ್ದರೆ, ನೀರು ಬರುವ ಹೊತ್ತಲ್ಲಿ ಮೀಟರ್ ದಾಟಿದ ತಕ್ಷಣ ಇರುವ ವಾಲ್ವ್ ಬಿಗಿಯಾಗಿ ಮುಚ್ಚಿ. ಆಗಲೂ ಮುಳ್ಳು ತಿರುಗಿದರೆ ಮೀಟರ್ ಮೇಲೆ ಅನುಮಾನ ಪಡಬಹುದು. ವಾಲ್ವ್ ತೆರೆದು, ಮನೆಯ ನಲ್ಲಿ, ಸಂಪಿನ ವಾಲ್ವ್ ಎಲ್ಲಾ ಮುಚ್ಚಿದಾಗ ಮಾತ್ರ ತಿರುಗಿದರೆ ಪೈಪ್ ಸೋರುತ್ತಿದೆ. ಆ ನೀರು ನಿಮ್ಮ ಲೆಕ್ಕಕ್ಕೇ ಸೇರುತ್ತದೆ.

ದೂರನ್ನು ಬಾಯಲ್ಲಿ ಹೇಳಿ ಬರಬೇಡಿ. ಮೀಟರ್ ನಂಬರ್ ಕಾಣುವ ಫೋಟೋ, ಹಳೆಯ ಬಿಲ್‌ಗಳು, ಈ ಲೆಕ್ಕ ಸೇರಿಸಿ ಅರ್ಜಿ ಕೊಡಿ. ಬಿಲ್ ತಿದ್ದಿ ಅಥವಾ ಮೀಟರ್ ಪರೀಕ್ಷೆ ಮಾಡಿ ಅಂತ ಸ್ಪಷ್ಟವಾಗಿ ಬರೆಯಿರಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.