ದೋಸ್ತನ ಸಾಲಕ್ಕೆ ಜಾಮೀನು ಹಾಕಿದರೆ ಏನಾಗುತ್ತದೆ?

ಪ್ರಶ್ನೆ: ದೋಸ್ತ ಗಾಡಿ ಸಾಲ ತಗೊಳ್ತಿದ್ದಾನೆ, ಜಾಮೀನು ಹಾಕು ಅಂತಿದ್ದಾನೆ. ಸುಮ್ನೆ ಒಂದು ಸಹಿ ಅಲ್ವಾ?

ಅಲ್ಲ. ಅವನು ಕಟ್ಟದಿದ್ದರೆ ಬಡ್ಡಿ ಸಮೇತ ಬಾಕಿ ನಿಮ್ಮ ತಲೆಗೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ಮಿತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನಷ್ಟೇ. "ಮೊದಲು ಅವನನ್ನು ಹಿಡೀರಿ, ಆಮೇಲೆ ನನ್ನ ಹತ್ರ ಬನ್ನಿ" ಅಂದರೆ ಬ್ಯಾಂಕ್ ಕೇಳಬೇಕಾಗಿಲ್ಲ.

ನನಗೇ ಆದದ್ದು ಹೇಳುತ್ತೇನೆ. ಕಲಬುರಗಿಯ ನನ್ನ ಗೆಳೆಯ ಗಂಜ್‌ಗೆ ತೊಗರಿ ಚೀಲ ಸಾಗಿಸಲು 6 ಲಕ್ಷ ಸಾಲ ಮಾಡಿ ಗೂಡ್ಸ್ ಗಾಡಿ ತಗೊಂಡ. ಒಂದು ವರ್ಷ ಬೆಳೆ ಕೈಕೊಟ್ಟಿತು, ಬಾಡಿಗೆ ನಿಂತಿತು, ಕಂತು ತಪ್ಪಿತು. ನನಗೆ ಒಂದು ಮಾತೂ ಹೇಳಲಿಲ್ಲ, ನಾಚಿಕೆ ಇರಬೇಕು. ನಾನು ಮನೆ ಸಾಲಕ್ಕೆ ಹೋದಾಗ ಮ್ಯಾನೇಜರ್ ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. "ಸರ್, ಇದು ಯಾವ ಸಾಲ?" ನನ್ನ ಸಿಬಿಲ್ ವರದಿಯಲ್ಲಿ ಅವನ ಸಾಲ, ಪಕ್ಕದಲ್ಲಿ 'ಗ್ಯಾರಂಟರ್', ಕೆಳಗೆ ಬಾಕಿ 4 ಲಕ್ಷ. ಕಂತು 90 ದಿನ ದಾಟಿ ಬಾಕಿ ಉಳಿದು ಖಾತೆ ಎನ್‌ಪಿಎ, ಅಂದರೆ ಬ್ಯಾಂಕ್ ಲೆಕ್ಕದಲ್ಲಿ ಕೆಟ್ಟ ಸಾಲ, ಆಗಿತ್ತು. ನನ್ನ ಅರ್ಜಿ ಅಲ್ಲೇ ನಿಂತಿತು.

ಹಣ ಕೈಗೆ ಬಂದ ಮೇಲೆ "ಜಾಮೀನು ವಾಪಸ್" ಅಂತ ಪತ್ರ ಕೊಟ್ಟರೆ ಆ ಸಾಲದಿಂದ ಬಿಡುಗಡೆ ಸಿಗುವುದಿಲ್ಲ. ಬ್ಯಾಂಕ್ ಒಪ್ಪಿ ಬೇರೆ ಜಾಮೀನುದಾರನನ್ನು ತಗೊಂಡರೆ ಮಾತ್ರ ದಾರಿ. ಹಾಗಾಗಿ ಸಹಿಗೆ ಮೊದಲೇ ನಿಮ್ಮ ಹೊಣೆಗೆ ಒಂದು ಮೊತ್ತದ ಮಿತಿ ಬರೆಸಲು ಕೇಳಿ, ಪತ್ರದ ನಕಲು ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಸಾಲದ ಸ್ಟೇಟ್‌ಮೆಂಟ್ ಕಳಿಸಲು ಅವನಿಗೆ ಹೇಳಿ. ನೀವೇ ಕಟ್ಟಬೇಕಾಗಿ ಬಂದರೆ ರಸೀದಿ ಬಿಡಬೇಡಿ. ಆ ಹಣವನ್ನು ಅವನಿಂದ ವಸೂಲಿ ಮಾಡುವ ಹಕ್ಕು ಕಾಯ್ದೆಯಲ್ಲೇ ಇದೆ. ಅವನ ಹತ್ರ ಆಗ ಏನಾದರೂ ಇರಬೇಕಷ್ಟೆ.