ರಿವ್ಯೂ ಸಾರಾಂಶದಲ್ಲಿ ‘ತುಂಬಾ ಜನ’ ಅಂದರೆ ಎಷ್ಟು ಜನ?

“ಜಯನಗರದ ನಮ್ಮ ಅಂಗಡಿಯ ಮಿಕ್ಸಿಗೆ 180 ರಿವ್ಯೂ ಇವೆ. ‘ತುಂಬಾ ಜನ ಶಬ್ದ ಜಾಸ್ತಿ ಅಂತಾರೆ’ ಎಂದು ಬರೆದೆ. ಎಷ್ಟು ಜನ ಅಂತ ಓನರ್ ಕೇಳಿದರು. ಹೇಗೆ ಹೇಳಲಿ?”

ನೆನಪಿನಿಂದ ಬರೆದಿದ್ದೀರಿ ಅನಿಸುತ್ತದೆ. ಸಿಟ್ಟಿನ ಉದ್ದನೆಯ ರಿವ್ಯೂಗಳೇ ತಲೆಯಲ್ಲಿ ಉಳಿಯೋದು, ಅಲ್ವಾ?

ಶೀಟಿನಲ್ಲಿ ಒಂದು ರಿವ್ಯೂಗೆ ಒಂದು ಸಾಲು ಕೊಡಿ. ‘ಶಬ್ದದ ದೂರು’ ಕಾಲಂ C ಆಗಿರಲಿ. ದೂರಿದ್ದರೆ 1 ಹಾಕಿ. ಒಂದೇ ರಿವ್ಯೂನಲ್ಲಿ ಮೂರು ಸಲ ಬೈದಿದ್ದರೂ ಒಂದೇ 1. ಕೊನೆಗೆ ಕೂಡಿಸಿ:

```
=SUM(C2:C181)
```

23 ಬಂತು ಅಂದುಕೊಳ್ಳಿ. “180ರಲ್ಲಿ 23 ರಿವ್ಯೂಗಳು ಶಬ್ದ ಜಾಸ್ತಿ ಅನ್ನುತ್ತವೆ” ಎಂದು ಬರೆಯಿರಿ. ಉಳಿದ 157 ಮಂದಿಗೆ ಶಬ್ದ ಓಕೆ ಅಂತ ಮಾತ್ರ ಬರೆಯಬೇಡಿ. ಅವರಲ್ಲಿ ಹೆಚ್ಚಿನವರು ಆ ವಿಷಯವನ್ನೇ ಎತ್ತಿರುವುದಿಲ್ಲ. ‘ಶಬ್ದ ಕಮ್ಮಿ’ ಎಂಬ ಹೊಗಳಿಕೆಗೆ ಬೇರೆ ಕಾಲಂ ಮಾಡಿ, ಅದನ್ನೂ ಎಣಿಸಿ.

“ಸೌಂಡ್ ಇದೆ, ಆದ್ರೆ ಚಟ್ನಿ ನುಣ್ಣಗಾಗುತ್ತೆ” ಅನ್ನುವಂಥದ್ದು ದೂರೋ ಅಲ್ಲವೋ ಹೇಳೋದು ಕಷ್ಟ. ಅವನ್ನು 23ಕ್ಕೆ ಸೇರಿಸದೆ, ‘ಅನುಮಾನ’ ಅಂತ ಬೇರೆ ಲೆಕ್ಕ ಕೊಡಿ.