ಹ್ಯಾಂಡಲ್ ಪಟ್ಟಿಯ ಹೊಲಿಗೆ ಎಣಿಸಿ ನೋಡಿ

"ಫೋಟೋದಲ್ಲಿರೋ ಹೊಲಿಗೆ ನೋಡಿ ಈ ಲೆದರ್ ಬ್ಯಾಗ್ ಒರಿಜಿನಲ್ಲಾ ಡೂಪ್ಲಿಕೇಟಾ ಹೇಳ್ತೀರಾ?"

ನನಗೆ ಡೂಪ್ಲಿಕೇಟ್ ಅಂತಲೇ ಅನುಮಾನ. ಮೂರನೇ ಫೋಟೋ ಝೂಮ್ ಮಾಡಿ, ಹ್ಯಾಂಡಲ್ ಬ್ಯಾಗಿಗೆ ಸೇರೋ ಎಡಗಡೆ ಪಟ್ಟಿಲಿ 11 ಹೊಲಿಗೆ ಇದೆ, ಅದೇ ಅಳತೆಯ ಬಲಗಡೆ ಪಟ್ಟಿಲಿ 8 ಮಾತ್ರ, ಅದೂ ತಿರುವಲ್ಲಿ ಒಂದು ಉದ್ದ ಒಂದು ಗಿಡ್ಡ. ಒಳ್ಳೆ ಕಂಪನಿಯವರು ಜೋಡಿ ಪಟ್ಟಿಗಳಿಗೆ ಒಂದೇ ಲೆಕ್ಕದಲ್ಲಿ ಹೊಲಿತಾರೆ, ಒಂದು ಹೊಲಿಗೆ ಆಚೀಚೆ ಆದ್ರೆ ನಾನು ತಲೆಕೆಡಿಸ್ಕೊಳ್ಳಲ್ಲ, ಮೂರು ಅಂದ್ರೆ ನಂಬೋದು ಕಷ್ಟ. ದಾರನೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಹೊಳಿತಾ ಇದೆ. ರಿಪೇರಿ ಮಾಡಿಸಿದ್ರೂ ದಾರ ಬದಲಾಗಿರತ್ತೆ, ಆದ್ರೆ ಹೊಲಿಗೆ ಕಮ್ಮಿ ಆಗಿದ್ರೆ ಹಳೇ ತೂತುಗಳು ಖಾಲಿ ಕಾಣಬೇಕಿತ್ತು, ಅದು ಇಲ್ಲಿಲ್ಲ. ಕೈಹೊಲಿಗೆ ಬ್ಯಾಗಲ್ಲಿ ಪ್ರತಿ ಹೊಲಿಗೆ ಸ್ವಲ್ಪ ಓರೆ ಇರೋದು ಸಹಜ, ಅದನ್ನ ತಪ್ಪು ಅನ್ಕೋಬೇಡಿ. ಎರಡೂ ಪಟ್ಟಿನ ನೇರ ಎದುರಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಇಲ್ಲಿ ಹಾಕಿ, ಓರೆಯಾಗಿ ತೆಗೆದ್ರೆ ಹೊಲಿಗೆ ಇರೋದಕ್ಕಿಂತ ಒತ್ತಾಗಿ ಕಾಣತ್ತೆ.